ದುಬೈಯಿಂದ ಕಳಿಸಿದ ಹಣ ಎನ್‌ಆರ್‌ಒ ಖಾತೆಗೆ ಬಿತ್ತು: ಸ್ಟೇಟ್‌ಮೆಂಟ್ ಓದದೆ ಇದ್ದದ್ದಕ್ಕೆ ಏಳು ತಿಂಗಳ ಪಾಡು

ಹೊರದೇಶದಲ್ಲಿ ದುಡಿದು ಊರಿಗೆ ಹಣ ಕಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಳಗಿರುವುದು ದುಬೈಯಲ್ಲಿರುವ ಒಬ್ಬ ಕನ್ನಡಿಗರ ಎನ್‌ಆರ್‌ಒ ಸ್ಟೇಟ್‌ಮೆಂಟ್‌ನಿಂದ ತೆಗೆದ ಆರು ಸಾಲು. ಎನ್‌ಆರ್‌ಒ ಅಂದರೆ ಅನಿವಾಸಿಗಳು ಮುಖ್ಯವಾಗಿ ಭಾರತದಲ್ಲಿ ಬರುವ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ, ಎನ್‌ಆರ್‌ಇ ಅಂದರೆ ಹೊರದೇಶದ ಗಳಿಕೆ ತಂದಿಡುವ ಖಾತೆ. ಖಾತೆಯಲ್ಲಿ ಬೇರೆ ಹಣ ಹೆಚ್ಚುಕಡಿಮೆ ಇರಲಿಲ್ಲ. ಪೈಸೆ ಬಿಟ್ಟಿದ್ದೇವೆ.

```
08-07-24  NEFT CR      15,00,000 CR
30-09-24  INT.PD          10,479 CR
30-09-24  TDS              3,269 DR
31-12-24  INT.PD          11,397 CR
31-12-24  TDS              3,556 DR
20-02-25  TRF TO NRE   15,00,000 DR
```

ಮೊದಲ ಸಾಲಿನಲ್ಲೇ ಎಡವಟ್ಟಾಗಿದೆ. ದೇಶ ಬಿಡುವ ಮುಂಚೆ ಅವರಿಗೆ ಒಂದು ಸಂಬಳದ ಖಾತೆ ಇತ್ತು. ಅನಿವಾಸಿ ಆದಮೇಲೆ ನಿಯಮದಂತೆ ಬ್ಯಾಂಕು ಅದನ್ನು ಎನ್‌ಆರ್‌ಒ ಮಾಡಿತು. ಖಾತೆ ಸಂಖ್ಯೆ ಮಾತ್ರ ಹಳೆಯದೇ ಉಳಿಯಿತು. ಎನ್‌ಆರ್‌ಇ ಖಾತೆ ತೆರೆದದ್ದು ಆಮೇಲೆ. ಹಣ ಕಳಿಸುವ ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಕೂತಿತ್ತು. ಅಲ್ಲಿ ಖಾತೆಯ ಬಗೆ ಅಂತ ಕೇಳಿದ್ದು ಬರೀ 'ಸೇವಿಂಗ್ಸ್' ಎಂದು. ಹೆಸರು ಸರಿ, ಬ್ಯಾಂಕು ಸರಿ, ಹಾಗಾಗಿ ಹಣ ಎಲ್ಲೂ ತಡೆಯದೆ ಒಳಗೆ ಬಂತು. ಹೊರಗಿನಿಂದ ಬಂದ ಹಣವನ್ನು ಎನ್‌ಆರ್‌ಒ ಬೇಡ ಅನ್ನುವುದಿಲ್ಲ, ಅದಕ್ಕೆ ಅನುಮತಿ ಇದೆ. ಅದಕ್ಕೇ ಯಾರೂ ಎಚ್ಚರಿಸಲಿಲ್ಲ.

'ನಾನು ದಿರ್ಹಮ್‌ನಲ್ಲಿ ಕಳಿಸಿದ ಹಣ, ಯಾವಾಗ ಬೇಕಾದರೂ ವಾಪಸ್ ತರಿಸಿಕೊಳ್ಳಬಹುದು' ಎಂದುಕೊಂಡು ಅವರು ಸುಮ್ಮನಿದ್ದರು. ಇಲ್ಲೇ ಬಹಳ ಜನ ಮೋಸಹೋಗುವುದು. ಹಣ ಎಲ್ಲಿಂದ ಬಂತು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದನ್ನು ಬ್ಯಾಂಕು ನೋಡುತ್ತದೆ. ಎನ್‌ಆರ್‌ಇಯಲ್ಲಿ ಕೂತಿದ್ದರೆ ಅಸಲು, ಬಡ್ಡಿ ಎರಡನ್ನೂ ಮಿತಿಯಿಲ್ಲದೆ ಹೊರಗೆ ಒಯ್ಯಬಹುದು. ಎನ್‌ಆರ್‌ಒಗೆ ಬಿದ್ದ ಕೂಡಲೇ ಅದು ಅಲ್ಲಿನ ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ದುಡ್ಡಿನ ಜೊತೆ ಬೆರೆತ ಹಾಗೆ. ಅಲ್ಲಿನ ಬಾಕಿ ಹೊರಗೆ ಹೋಗಬೇಕಾದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ. ಮಿತಿ ದೊಡ್ಡದೇ, ತೊಂದರೆ ಅದರದ್ದಲ್ಲ. ಆ ದಾರಿಯಲ್ಲಿ ಹೋಗಲು ಕೇಳುವ ಕಾಗದಪತ್ರಗಳದ್ದು.

ಎರಡನೆಯ, ಮೂರನೆಯ ಸಾಲನ್ನು ಜೋಡಿಯಾಗಿ ಓದಿ. ವರ್ಷಕ್ಕೆ 3% ದರದಲ್ಲಿ 85 ದಿನಕ್ಕೆ ಬಡ್ಡಿ 10,479. ಅದೇ ದಿನ 3,269 ಕಡಿತ. ಭಾಗಿಸಿ ನೋಡಿದರೆ 31.2%: ತೆರಿಗೆ 30%, ಅದರ ಮೇಲೆ 4% ಸೆಸ್. ಎನ್‌ಆರ್‌ಒ ಬಡ್ಡಿಗೆ ಮೊದಲ ರೂಪಾಯಿಯಿಂದಲೇ ಟಿಡಿಎಸ್. ಎನ್‌ಆರ್‌ಇ ಬಡ್ಡಿಗೆ ಅನಿವಾಸಿ ಆಗಿರುವವರೆಗೆ ಭಾರತದಲ್ಲಿ ತೆರಿಗೆಯೇ ಇಲ್ಲ, ಆ ಖಾತೆಯಲ್ಲಿ `TDS` ಸಾಲು ಬರಬಾರದು. ನಿಮ್ಮ ಹಣ ಯಾವ ಖಾತೆಯಲ್ಲಿದೆ ಎಂದು ಅನುಮಾನ ಬಂದರೆ ಬಡ್ಡಿ ಜಮಾ ಆದ ದಿನದ ಸಾಲುಗಳನ್ನು ನೋಡಿ, ಕೂಡಲೇ ಗೊತ್ತಾಗುತ್ತದೆ. ಇವರು ಸೆಪ್ಟೆಂಬರ್ 30ರ ಸಾಲನ್ನು ನೋಡಿದ್ದರೆ ಎರಡನೆಯ ಕಡಿತವಾದರೂ ತಪ್ಪುತ್ತಿತ್ತೇನೋ. ಎರಡೂ ಸೇರಿ ಹೋದದ್ದು 6,825. ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು, ಆದರೆ ಅದೇ ಒಂದು ಕೆಲಸ.

ಜನವರಿಯಲ್ಲಿ ಹಣವನ್ನು ಎನ್‌ಆರ್‌ಇಗೆ ಹಾಕಲು ಹೋದಾಗ ನೆಟ್‌ಬ್ಯಾಂಕಿಂಗ್ ಒಪ್ಪಲಿಲ್ಲ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಒಂದು ಗುಂಡಿ ಒತ್ತಿದರೆ ಸಾಕು, ವಾಪಸ್ ಬರುವುದು ಹಾಗಲ್ಲ. ಶಾಖೆಯವರು ಕೋರಿಕೆ ಪತ್ರ, ಹಣದ ಮೂಲದ ಘೋಷಣೆ, ಹೊರಗೆ ಹೋಗುವ ಹಣದ ತೆರಿಗೆ ಬಗ್ಗೆ ಕಳಿಸುವವರೇ ಸಲ್ಲಿಸುವ ಫಾರಂ 15ಸಿಎ, ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರ 15ಸಿಬಿ ಕೇಳಿದರು. ಇದು ತೆರಿಗೆಗೆ ಒಳಪಡುವ ಆದಾಯವೇ ಅಲ್ಲ, ಹಾಗಿರುವಾಗ ಅಂಥ ಹಣಕ್ಕಿದ್ದ 15ಸಿಎ ಭಾಗ ಡಿ ಸಾಕಲ್ಲವೇ ಎಂದು ವಾದಿಸಬಹುದಿತ್ತು. ಆದರೆ ಎನ್‌ಆರ್‌ಒ ಎಂದೊಡನೆ 15ಸಿಬಿ ಇಲ್ಲದೆ ಮುಟ್ಟದ ಶಾಖೆಗಳೇ ಆಗ ಹೆಚ್ಚಿದ್ದವು.

ಅಲ್ಲಿ ಮತ್ತೊಂದು ತೊಡಕು ಎದುರಾಯಿತು. ಸಿಎ ಕೇಳಿದ್ದು ಒಂದೇ: ಇದು ಹೊರದೇಶದಿಂದ ಬಂದದ್ದು ಅನ್ನುವುದಕ್ಕೆ ಪುರಾವೆ ಎಲ್ಲಿ? ಎಕ್ಸ್‌ಚೇಂಜ್‌ನವರು ಇಲ್ಲಿನ ಪಾಲುದಾರ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ನೆಫ್ಟ್ ಮಾಡಿದ್ದರು. ಹಾಗಾಗಿ ಸಾಲಿನಲ್ಲಿ `INWARD REMITTANCE` ಎಂದಿಲ್ಲ, ಬರೀ `NEFT CR`. ಊರಿನವರು ಯಾರೋ ಹಾಕಿದ ದುಡ್ಡಿಗೂ ಇದಕ್ಕೂ ನೋಡುವವರ ಕಣ್ಣಿಗೆ ವ್ಯತ್ಯಾಸವಿಲ್ಲ. ಏಳು ತಿಂಗಳ ಹಿಂದಿನ ರಸೀದಿ ತೆಗೆಸಿ, ಅದರಲ್ಲಿನ ಉಲ್ಲೇಖ ಸಂಖ್ಯೆಯನ್ನು ನೆಫ್ಟ್‌ನ ಯುಟಿಆರ್ ಸಂಖ್ಯೆಗೆ ತಾಳೆ ಹಾಕಿಸುವುದಕ್ಕೇ ವಾರಗಳು ಹಿಡಿದವು. ಹಣ ಬಂದ ವಾರದಲ್ಲೇ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಕೇಳಿ ಇಟ್ಟುಕೊಂಡಿದ್ದರೆ ಇದು ಒಂದು ದಿನದ ಕೆಲಸ.

ಇನ್ನು ಕೊನೆಯ ಸಾಲು. `TRF TO NRE` ಅನ್ನುವುದನ್ನು ಒಳಗೊಳಗಿನ ವರ್ಗಾವಣೆ ಎಂದು ಬಿಟ್ಟುಬಿಡಬೇಡಿ. ಹಣ ಇನ್ನೂ ದೇಶದೊಳಗೇ ಇದ್ದರೂ ಲೆಕ್ಕಕ್ಕೆ ಅದು ಅಂದೇ ಹೊರಗೆ ಹೋದ ಹಾಗೆ. 10 ಲಕ್ಷ ಡಾಲರ್ ಮಿತಿಯಿಂದ ಕಳೆಯುವುದು ಈ ಸಾಲಿನ ದಿನಾಂಕಕ್ಕೆ. ಎನ್‌ಆರ್‌ಇ ಸ್ಟೇಟ್‌ಮೆಂಟ್‌ನಲ್ಲಿ ಇದರ ಜೋಡಿ `TRF FROM NRO` ಎಂದು ಬಂದಿರುತ್ತದೆ. ಪದಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗಬಹುದು, ಮೊತ್ತ ಮತ್ತು ದಿನಾಂಕ ಹೊಂದಬೇಕು. ಅದು ಎನ್‌ಆರ್‌ಇಯಿಂದ ಮುಂದೆ ದುಬೈಗೆ ಹೋದಾಗ ಮಿತಿಗೆ ಎರಡನೆಯ ಸಲ ಸೇರುವುದಿಲ್ಲ.

ನಿಜಕ್ಕೂ ಹೊರಗೆ ಹೋದ ಹಣ ಬೇರೆ ಥರ ಕಾಣುತ್ತದೆ. ಅಲ್ಲಿ ಕರೆನ್ಸಿ ಬದಲಾಗುವುದರಿಂದ ಬ್ಯಾಂಕಿನ ಶುಲ್ಕದ ಜೊತೆ ವಿನಿಮಯದ ಮೇಲಿನ ಜಿಎಸ್‌ಟಿ ಇರುತ್ತದೆ. 15 ಲಕ್ಷಕ್ಕೆ ತೆರಿಗೆ ಹಾಕುವ ಮೌಲ್ಯ 6,000, ಅದರ 18% ಅಂದರೆ 1,080 ರೂಪಾಯಿ. ಈ ಸಾಲು ಇಲ್ಲದಿದ್ದರೆ ಅದು ಬರೀ ಖಾತೆಯಿಂದ ಖಾತೆಗೆ ಹೋದ ಹಣ. ಹಾಗೆಯೇ ಅಲ್ಲಿ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಎಂದು ಕಡಿತ ಕಂಡರೆ ತಕ್ಷಣ ಶಾಖೆಗೆ ಬರೆಯಿರಿ. ಹೊರಗೆ ಕಳಿಸುವಾಗಿನ ಆ ಟಿಸಿಎಸ್ ನಿವಾಸಿಗಳಿಗೆ ಇರುವುದು, ನಿಮ್ಮನ್ನು ಅವರ ದಾಖಲೆಯಲ್ಲಿ ಎಲ್ಲೋ ನಿವಾಸಿ ಎಂದೇ ಇಟ್ಟಿದ್ದಾರೆ ಎಂದರ್ಥ.

ಇದರ ತಿರುಗುಮುರುಗಾದ ತಪ್ಪೂ ಆಗುತ್ತದೆ: ಬಾಡಿಗೆದಾರರಿಗೆ ಎನ್‌ಆರ್‌ಇ ಸಂಖ್ಯೆ ಕೊಟ್ಟುಬಿಡುವುದು. ಎನ್‌ಆರ್‌ಇಗೆ ಸಲೀಸಾಗಿ ಬರಬಹುದಾದದ್ದು ಹೊರದೇಶದ ಹಣ, ಇನ್ನೊಂದು ಎನ್‌ಆರ್‌ಇ ಅಥವಾ ವಿದೇಶಿ ಕರೆನ್ಸಿಯಲ್ಲೇ ಠೇವಣಿ ಇಡುವ ಎಫ್‌ಸಿಎನ್‌ಆರ್ ಖಾತೆಯ ಹಣ, ಅದರದ್ದೇ ಬಡ್ಡಿ, ಅದರಿಂದಲೇ ಮಾಡಿದ ಹೂಡಿಕೆಯ ವಾಪಸಾತಿ. ಬಾಡಿಗೆಯಂಥ ಚಾಲ್ತಿ ಆದಾಯವನ್ನೂ ಹಾಕಬಹುದು, ಆದರೆ ತೆರಿಗೆ ಕಟ್ಟಿದೆ ಎಂದು ಬ್ಯಾಂಕಿಗೆ ಮನವರಿಕೆ ಆದಮೇಲೆ. ಕೇಳದೆ ಯುಪಿಐನಲ್ಲಿ ಬಂದ ಬಾಡಿಗೆ ಒಂದೆರಡು ತಿಂಗಳು ಜಮಾ ಆಗಿ ನಿಂತಿದ್ದರೂ ಅದು ಸರಿ ಎಂದಲ್ಲ. ಪರಿಶೀಲನೆಯಲ್ಲಿ ಸಿಕ್ಕಾಗ ವಿವರಣೆ ಕೇಳುತ್ತಾರೆ, ಹಣ ಹಿಂದಿರುಗಿಸಲೂ ಬಹುದು. ಬಾಡಿಗೆಗೆ ಎನ್‌ಆರ್‌ಒ ಸಂಖ್ಯೆ ಕೊಡಿ.

ಮನೆ ಸಾಲದ ಕಂತು, ಅಪ್ಪ ಅಮ್ಮನ ಖರ್ಚು ಇವಕ್ಕೆಂದು ಹಣವನ್ನು ಮೊದಲು ಎನ್‌ಆರ್‌ಒಗೆ ಹಾಕುವವರಿದ್ದಾರೆ. ಬೇಕಿಲ್ಲ, ಭಾರತದೊಳಗಿನ ಪಾವತಿಯನ್ನು ಎನ್‌ಆರ್‌ಇಯಿಂದಲೇ ಮಾಡಬಹುದು.

ಇವತ್ತು ಮಾಡಬೇಕಾದದ್ದು ಇಷ್ಟು. ಆ್ಯಪ್‌ನಲ್ಲಿ ಉಳಿಸಿಟ್ಟ ಖಾತೆ ಸಂಖ್ಯೆಯನ್ನು ಸ್ಟೇಟ್‌ಮೆಂಟ್‌ನ ತಲೆಬರಹದ ಪಕ್ಕ ಇಟ್ಟು ನೋಡಿ. ಅಲ್ಲಿ `NRE` ಎಂದು ಇರಬೇಕು. `NRO` ಎಂದಿದ್ದರೆ ಹಳೆಯ ಸಂಖ್ಯೆಯನ್ನು ಅಳಿಸಿ ಎನ್‌ಆರ್‌ಇ ಸಂಖ್ಯೆ ಸೇರಿಸಿ, ಮೊದಲು ಸಣ್ಣ ಮೊತ್ತ ಕಳಿಸಿ, ಅದು ಎನ್‌ಆರ್‌ಇ ಸ್ಟೇಟ್‌ಮೆಂಟ್‌ನಲ್ಲಿ ಕಂಡಮೇಲೆ ಉಳಿದದ್ದು ಕಳಿಸಿ.