ಡೀಲರ್ ಸರ್ವಿಸ್: ಎಸ್ಟಿಮೇಟ್‌ಗೆ ಸಹಿ ಹಾಕುವ ಮುಂಚೆ ಗಾಡಿಯ ಪುಸ್ತಕ ತೆಗೆಯಿರಿ

ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೊಂಡಾಗಿನಿಂದ ಹುಬ್ಬಳ್ಳಿಯ ಒಂದೇ ಡೀಲರ್ ಹತ್ತಿರ ಸರ್ವಿಸ್ ಮಾಡಿಸುತ್ತಿದ್ದೇನೆ. ಮೆಕ್ಯಾನಿಕ್‌ಗಳ ಕೆಲಸ ಚೆನ್ನಾಗಿದೆ, ಹೇಳಿದ ಹೊತ್ತಿಗೆ ಗಾಡಿ ಕೈಗೆ ಸಿಗುತ್ತದೆ. ನನ್ನ ತಕರಾರು ಅವರು ಕೊಡುವ ಎಸ್ಟಿಮೇಟ್ ಬಗ್ಗೆ.

ನಾಲ್ಕನೇ ವರ್ಷದ ಸರ್ವಿಸ್ ಉದಾಹರಣೆ ಹೇಳುತ್ತೇನೆ. ಗಾಡಿ ಆಗ 31,000 ಕಿ.ಮೀ. ಓಡಿತ್ತು. ಎಸ್ಟಿಮೇಟ್‌ನಲ್ಲಿ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಇದ್ದವು. ಅವುಗಳ ಕೆಳಗೆ ಇಂಜೆಕ್ಟರ್ ಕ್ಲೀನಿಂಗ್, ಇಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್ ಸೇರಿದ್ದವು. ಒಟ್ಟು ಮೊತ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕೆಳಗಿನವುಗಳದ್ದೇ.

ನಾನು ಡ್ಯಾಶ್‌ಬೋರ್ಡ್‌ನಿಂದ ಓನರ್ಸ್ ಮ್ಯಾನ್ಯುಯಲ್ ತೆಗೆದೆ. ಅದರ ಕೊನೆಯ ಕಡೆ ಸರ್ವಿಸ್ ಪಟ್ಟಿ ಇರುತ್ತದೆ. ಪ್ರತಿ ಭಾಗದ ಮುಂದೆ ಒಂದು ಅಕ್ಷರ ಇರುತ್ತದೆ. 'ಆರ್' ಇದ್ದರೆ ಬದಲಿಸಬೇಕು. 'ಐ' ಇದ್ದರೆ ನೋಡಬೇಕು, ಕೆಟ್ಟಿದ್ದರೆ ಮಾತ್ರ ಕೈ ಹಾಕಬೇಕು. ಮೇಲ್ಗಡೆ ಎರಡು ಸಾಲು: ಒಂದರಲ್ಲಿ ಕಿ.ಮೀ., ಇನ್ನೊಂದರಲ್ಲಿ ತಿಂಗಳು. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ತಿಂಗಳ ಸಾಲು ನೋಡಿದಾಗ ಗೊತ್ತಾಯಿತು, ನಿಜವಾಗಿ ಬೇಕಾದದ್ದೇ ಎಸ್ಟಿಮೇಟ್‌ನಲ್ಲಿ ಇರಲಿಲ್ಲ. ನನ್ನ ಗಾಡಿಗೆ ಬ್ರೇಕ್ ಆಯಿಲ್ 40,000 ಕಿ.ಮೀ.ಗೆ ಅಥವಾ ಎರಡು ವರ್ಷಕ್ಕೆ ಬದಲಿಸಬೇಕು. ಗಾಡಿ ಕಡಿಮೆ ಓಡಿದ್ದರಿಂದ ಎಸ್ಟಿಮೇಟ್ ಬರೆದ ಸರ್ವಿಸ್ ಅಡ್ವೈಸರ್ ಕಿ.ಮೀ. ಅಷ್ಟೇ ನೋಡಿದ್ದರು, ವರ್ಷ ಲೆಕ್ಕಕ್ಕೆ ಬಂದಿರಲಿಲ್ಲ. ಊರೊಳಗೆ ಮಾತ್ರ ಓಡಿಸುವವರು ಇದನ್ನು ಖಂಡಿತ ನೋಡಲೇಬೇಕು.

ಬ್ರೇಕ್ ಆಯಿಲ್ ಗಾಡಿ ನಿಂತಿದ್ದರೂ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬಿಸಿ ಬೇಕು. ತೇವ ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಊರಲ್ಲಿ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಅಂಕೋಲಾಕ್ಕೆ ಹೋಗುವಾಗ ಅರಬೈಲ ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಆಯಿಲ್ ಕುದಿಯಬಹುದು. ಪೈಪಿನೊಳಗೆ ಆವಿಯ ಗುಳ್ಳೆ ಆದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇಂಥದ್ದನ್ನು ಬಿಟ್ಟು ಬೇರೆಯದನ್ನು ಬರೆದಿದ್ದು ನನಗೆ ತುಂಬಾ ಬೇಜಾರು ತಂದಿತು.

ಇಂಜೆಕ್ಟರ್ ಕ್ಲೀನಿಂಗ್ ಬಗ್ಗೆ ಅಡ್ವೈಸರ್‌ನ್ನು ಕೇಳಿದೆ. "ಮಾಡಿಸಿಬಿಡ್ರಿ ಮೇಡಂ, ಮೈಲೇಜ್ ಚಲೋ ಬರ್ತೈತಿ" ಅಂದರು.

"ಪುಸ್ತಕದಾಗ ಎಲ್ಲೈತಿ, ತೋರಸ್ರಿ."

"ಪುಸ್ತಕದಾಗ ಇರಂಗಿಲ್ರಿ, ನಾವು ರೆಕಮೆಂಡ್ ಮಾಡ್ತೀವ್ರಿ."

ನನ್ನ ಗಾಡಿಯಲ್ಲಿ ಪೆಟ್ರೋಲ್ ವಾಲ್ವ್‌ನ ಹಿಂದೆ ಸಿಂಪಡಣೆ ಆಗುತ್ತದೆ, ಹಾಗಾಗಿ ವಾಲ್ವ್ ಪೆಟ್ರೋಲ್‌ನಲ್ಲೇ ತೊಳೆದುಕೊಳ್ಳುತ್ತಿರುತ್ತದೆ. ಐಡಲಿಂಗ್‌ನಲ್ಲಿ ಇಂಜಿನ್ ಅದುರಿದರೆ, ವೇಗ ಎತ್ತುವಾಗ ತಡವರಿಸಿದರೆ, ಮೈಲೇಜ್ ಏಕಾಏಕಿ ಬಿದ್ದರೆ ಇಂಜೆಕ್ಟರ್ ನೋಡಿಸಬೇಕು. ನನ್ನ ಗಾಡಿಗೆ ಇದ್ಯಾವುದೂ ಇರಲಿಲ್ಲ, ಎಸ್ಟಿಮೇಟ್‌ನಿಂದ ಅದನ್ನು ಹೊಡೆದುಹಾಕಿಸಿದೆ. ಇಂಜಿನ್ ಫ್ಲಶ್ ಕೂಡ ಹಾಗೇ. ಆಯಿಲ್ ಪ್ರತಿ ಸಲ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ತೊಳೆಯುವಂಥದ್ದು ಒಳಗೆ ಅಷ್ಟೇನೂ ಇರುವುದಿಲ್ಲ. ಎಸಿಯಿಂದ ವಾಸನೆ ಬರುತ್ತಿರಲಿಲ್ಲ, ಅದನ್ನೂ ಬಿಟ್ಟೆ. ಪಟ್ಟಿಯಲ್ಲಿ ಇಲ್ಲದ್ದನ್ನು ಬಿಟ್ಟರೆ ವಾರಂಟಿ ಹೋಗುತ್ತದೆ ಅಂತ ಹೆದರಬೇಡಿ. ಪಟ್ಟಿಯಲ್ಲಿರುವುದನ್ನು ತಪ್ಪಿಸಿದರೆ ಮಾತ್ರ ಅವರಿಗೆ ತಕರಾರು ತೆಗೆಯಲು ದಾರಿ ಸಿಗುತ್ತದೆ.

ಹಾಗಂತ ಪಟ್ಟಿಗಿಂತ ಬೇಗ ಹೇಳಿದ್ದೆಲ್ಲ ಸುಮ್ನೆ ದುಡ್ಡು ಕೀಳುವುದಕ್ಕೆ ಅಂದುಕೊಳ್ಳಬಾರದು. ಪಟ್ಟಿಯ ಪಕ್ಕ ಇನ್ನೊಂದು ಸಣ್ಣ ಪಟ್ಟಿ ಇರುತ್ತದೆ: ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ, ಹೆಚ್ಚು ಭಾರ ಇದ್ದರೆ ಏನೇನು ಬೇಗ ಮಾಡಬೇಕು ಅಂತ. ನಮ್ಮ ಹುಬ್ಬಳ್ಳಿ-ಧಾರವಾಡದ ಧೂಳು ಗೊತ್ತೇ ಇದೆ ಅಲ್ವಾ? ಹಿಂದಿನ ವರ್ಷ ಏರ್ ಫಿಲ್ಟರ್ ಬದಲಿಸಬೇಕು ಅಂದಾಗ ನಾನು ಅದನ್ನು ತೆಗೆಸಿ ಬೆಳಕಿಗೆ ಹಿಡಿದು ನೋಡಿದೆ. ಮಡಿಕೆಗಳ ಒಳಗೆ ಕೆಂಪು ಮಣ್ಣು ತುಂಬಿತ್ತು, ಬೆಳಕೇ ಬರುತ್ತಿರಲಿಲ್ಲ. ಆ ಮಾತು ನಿಜವಾಗಿತ್ತು, ಬದಲಿಸಿದೆ.

ಅಲೈನ್‌ಮೆಂಟ್ ಕೂಡ ನೋಡಿಯೇ ತೀರ್ಮಾನಿಸಿದೆ. ನೇರ ರಸ್ತೆಯಲ್ಲಿ ಗಾಡಿ ಒಂದು ಕಡೆ ಎಳೆಯುತ್ತಿತ್ತು, ಮುಂದಿನ ಟೈರಿನ ಒಳ ಅಂಚು ಜಾಸ್ತಿ ಸವೆದಿತ್ತು. ಹೀಗಾಗಿ ಮಾಡಿಸಿದೆ, ಮುಂಚಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ ಪಡೆದೆ. ಬ್ರೇಕ್ ಪ್ಯಾಡ್ ಹೋಗಿದೆ ಅಂದರೂ ಹೀಗೇ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಕೇಳಿ. ಅಳತೆ ಹೇಳದಿದ್ದರೆ ಚಕ್ರ ಬಿಚ್ಚಿ ತೋರಿಸಲು ಹೇಳಿ.

ಈಗ ಜಾಬ್ ಕಾರ್ಡ್ ಮೇಲೆ ಒಂದು ಸಾಲು ಬರೆಸುತ್ತೇನೆ: ಫೋನ್ ಮಾಡಿ ಕೇಳದೆ ಹೆಚ್ಚಿನ ಕೆಲಸ ಬೇಡ, ಬದಲಿಸಿದ ಹಳೆಯ ಭಾಗ ವಾಪಸ್ ಬೇಕು. ಈ ಸಾಲು ಬಂದ ಮೇಲೆ ಎಸ್ಟಿಮೇಟ್ ಚಿಕ್ಕದಾಗಿದೆ. ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಎಸ್ಟಿಮೇಟ್‌ಗೆ ಎರಡು.