ತೆರಿಗೆ ಉಳಿಸೋ 80ಸಿ ಹೆಸರಲ್ಲಿ ಬ್ಯಾಂಕಿನಲ್ಲೇ ಪಾಲಿಸಿ ಅಂಟಿಸ್ತಾರೆ, ಹುಷಾರು

ಜನವರಿಯಲ್ಲಿ ಆಫೀಸಿನಿಂದ ಇನ್ವೆಸ್ಟ್‌ಮೆಂಟ್ ಪ್ರೂಫ್ ಕೇಳ್ತಾರಲ್ವಾ, ಸರಿಯಾಗಿ ಆ ವಾರವೇ ಬ್ಯಾಂಕಿನ ರಿಲೇಷನ್‌ಶಿಪ್ ಮ್ಯಾನೇಜರ್ ಫೋನ್ ಮಾಡಿದ. "ಮೇಡಂ, ಎಫ್‌ಡಿ ತರಾನೇ, ಒಂದು ಲಕ್ಷ ಹಾಕಿ, ಪೂರ್ತಿ ಟ್ಯಾಕ್ಸ್ ಉಳಿಯತ್ತೆ." ಎಫ್‌ಡಿ ತರಾನೇ! ಈ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯತ್ತೆ.

ಅದು ಎಫ್‌ಡಿ ಅಲ್ಲ. ಜೀವವಿಮೆ ಪಾಲಿಸಿ. ವರ್ಷಕ್ಕೆ ಒಂದು ಲಕ್ಷದಂತೆ 10 ವರ್ಷ ಕಟ್ಟಬೇಕು, ದುಡ್ಡು ಕೈಗೆ ಬರೋದು 20 ವರ್ಷಕ್ಕೆ. ವಿಮಾ ಕಂಪನಿಯಿಂದ ವೆರಿಫಿಕೇಷನ್ ಕಾಲ್ ಬರುವ ಮುಂಚೆ "ಎಲ್ಲದಕ್ಕೂ ಎಸ್ ಅನ್ನಿ ಮೇಡಂ, ಬರೀ ಫಾರ್ಮಾಲಿಟಿ" ಅಂದಿದ್ದ. ಪಾಲಿಸಿ ಮೇಲ್‌ಗೆ ಬಂದಾಗ ಕೇಳಿದೆ. "ನಾನೇ ಮನೆಗೆ ಬಂದು ವಿವರಿಸ್ತೀನಿ" ಅಂದ. ಬರಲೇ ಇಲ್ಲ. ಪಾಲಿಸಿ ಕೈಗೆ ಸಿಕ್ಕ 30 ದಿನದೊಳಗೆ ವಾಪಸ್ ಮಾಡುವ ಫ್ರೀ ಲುಕ್ ಅವಧಿ ಇದೆಯಲ್ಲ, ಅದು ಕಳೆಯಲಿ ಅಂತಲೇ ಹಾಗೆ ಅಂದಿದ್ದು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ಬ್ರಾಂಚಿಗೇ ಹೋದೆ. "ಕಾಲ್‌ನಲ್ಲಿ ನೀವೇ ಎಸ್ ಅಂದಿದ್ದೀರಲ್ಲ ಮೇಡಂ, ರೆಕಾರ್ಡಿಂಗ್ ಇದೆ." ಎಲ್ಲರೆದುರು, ಕೌಂಟರ್ ಮುಂದೆ. ಎಸ್ ಅನ್ನಿ ಅಂತ ಹೇಳಿಕೊಟ್ಟವನೇ ಹಾಗೆ ಹೇಳಿದ! ಅವಮಾನಕ್ಕೆ ಮಾತೇ ಹೊರಡಲಿಲ್ಲ.

ಲೆಕ್ಕ ನೋಡಿ. ಆದಾಯ ತೆರಿಗೆಯ 80ಸಿ ವಿನಾಯಿತಿಗೆ ವರ್ಷಕ್ಕೆ ಮಿತಿ 1,50,000. ನನ್ನ ಸಂಬಳದಿಂದ ತಿಂಗಳಿಗೆ 6,000 ಪಿಎಫ್ ಹೋಗತ್ತೆ, ವರ್ಷಕ್ಕೆ 72,000. ಅದು 80ಸಿಗೇ ಸೇರತ್ತೆ. ಮಕ್ಕಳ ಟ್ಯೂಷನ್ ಫೀ 48,000, ಅದೂ ಸೇರತ್ತೆ. ಉಳಿದಿದ್ದು ಬರೀ 30,000. ಅವನು ಕಟ್ಟಿಸಿದ್ದು ಒಂದು ಲಕ್ಷ. ಉಳಿದ 70,000ಕ್ಕೆ ಒಂದು ಪೈಸೆ ತೆರಿಗೆ ಉಳಿಯಲ್ಲ. ನಾನಿರೋದು ಶೇ. 20ರ ಸ್ಲ್ಯಾಬ್‌ನಲ್ಲಿ, ಸೆಸ್ ಸೇರಿ ಉಳಿದಿದ್ದು 6,240 ರೂಪಾಯಿ. ಇಷ್ಟಕ್ಕೆ ಹತ್ತು ವರ್ಷದ ಗೂಟ! ಪಿಎಫ್ ಎಷ್ಟು ಅಂತ ಒಂದು ಮಾತು ಅವನು ಕೇಳಲಿಲ್ಲ. ಸ್ಯಾಲರಿ ಅಕೌಂಟ್ ಅವರಲ್ಲೇ ಇದೆ, ಪಿಎಫ್ ಕಟ್ ಆಗತ್ತೆ ಅಂತ ಗೊತ್ತಿಲ್ವಾ?

ಈಗ ಬಿಡೋಕೂ ಆಗ್ತಿಲ್ಲ. ಎರಡು ವರ್ಷದ ಪ್ರೀಮಿಯಂ ಕಟ್ಟಿ ಮುಗಿಸೋ ಮೊದಲೇ ನಿಲ್ಲಿಸಿದರೆ, ಮೊದಲು ಪಡೆದ ವಿನಾಯಿತಿ ಮೊತ್ತವನ್ನು ನಿಲ್ಲಿಸಿದ ವರ್ಷದ ಆದಾಯಕ್ಕೆ ವಾಪಸ್ ಸೇರಿಸ್ತಾರೆ. ಹೊಸ ತೆರಿಗೆ ಪದ್ಧತಿಗೆ ಹೋದರೆ 80ಸಿಯೇ ಇಲ್ಲ, ಪ್ರೀಮಿಯಂ ಮಾತ್ರ ಕಟ್ತಾನೇ ಇರಬೇಕು.

ಅದಕ್ಕೇ ಹೇಳ್ತಿದ್ದೀನಿ. ಮೊದಲು ಎರಡೂ ಪದ್ಧತಿಯಲ್ಲಿ ತೆರಿಗೆ ಎಷ್ಟು ಬರತ್ತೆ ನೋಡಿ. ಹೊಸದರಲ್ಲೇ ಕಮ್ಮಿ ಬಂದರೆ ತೆರಿಗೆಗೋಸ್ಕರ ಏನೂ ಕೊಳ್ಳಬೇಡಿ. ಹಳೆಯದಾದರೆ ಪೇಸ್ಲಿಪ್ ತೆಗೆದು ಪಿಎಫ್ ಕಳೆಯಿರಿ, ಫೀ ಕಳೆಯಿರಿ, ಉಳಿದಷ್ಟಕ್ಕೆ ಮಾತ್ರ ಹಾಕಿ. ಇಎಲ್‌ಎಸ್‌ಎಸ್ ಮ್ಯೂಚುವಲ್ ಫಂಡ್‌ನಲ್ಲಿ 3 ವರ್ಷ ತೆಗೆಯೋಕಾಗಲ್ಲ, ಮಾರುಕಟ್ಟೆ ಏರಿಳಿತವೂ ಇದೆ. ಟ್ಯಾಕ್ಸ್ ಸೇವರ್ ಎಫ್‌ಡಿ 5 ವರ್ಷ. ಪಿಪಿಎಫ್ 15 ವರ್ಷ ಆದರೂ ವರ್ಷಕ್ಕೆ 500 ಹಾಕಿದರೂ ಖಾತೆ ನಡೆಯತ್ತೆ. ಇವ್ಯಾವುದರಲ್ಲೂ ಮುಂದಿನ ವರ್ಷ ಮತ್ತೆ ಲಕ್ಷ ತಾ ಅಂತ ಯಾರೂ ಕೇಳಲ್ಲ.

ವಿಮಾ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟಿದ್ದೀನಿ. ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗ್ತೀನಿ. ಅವನ "ಎಫ್‌ಡಿ ತರಾನೇ" ವಾಟ್ಸಾಪ್ ಮೆಸೇಜ್ ಒಂದು ನನ್ನ ಹತ್ತಿರ ಇದೆ, ಅದನ್ನೂ ಲಗತ್ತಿಸಿದ್ದೀನಿ.