ಬಿಸಿಲಿಗೆ ಕಪ್ಪಾದ ಕತ್ತಿಗೆ ಮುಖ ಹೊಂದಿಸಲು ಎರಡು ಶೇಡ್‌ಗಳ ಫೌಂಡೇಶನ್: ದೀರ್ಘ ಬಳಕೆಯ ನಂತರದ ವಿಮರ್ಶೆ

ದಿನವೂ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುವ ನನ್ನಂಥವರಿಗೆ ಮೈಬಣ್ಣ ಒಂದೇ ಸಮನಾಗಿ ಉಳಿಯುವುದಿಲ್ಲ. ಹೆಲ್ಮೆಟ್ ಮತ್ತು ಸನ್‌ಸ್ಕ್ರೀನ್‌ನಿಂದಾಗಿ ಮುಖ ತಿಳಿಯಾಗಿಯೇ ಇರುತ್ತದೆ. ಗಲ್ಲದ ನೆರಳು ಬೀಳುವ ಕತ್ತಿನ ಮೇಲ್ಭಾಗವೂ ಅಷ್ಟೇ. ಆದರೆ ಕುರ್ತಾದ ಕೊರಳು ತೆರೆದಿರುವ ಜಾಗ 'ವಿ' ಆಕಾರದಲ್ಲಿ ಕಪ್ಪಾಗುತ್ತದೆ, ಮೊಣಕೈ ಕೆಳಗೆ ಇನ್ನೂ ಗಾಢವಾಗುತ್ತದೆ. ಇದಕ್ಕಾಗಿ ಒಂದೇ ಕಂಪನಿಯ ಒಂದೇ ಸರಣಿಯ ಫೌಂಡೇಶನ್ ಅನ್ನು ತಿಳಿ ಮತ್ತು ಗಾಢ ಶೇಡ್‌ಗಳಲ್ಲಿ ಕೊಂಡು, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಬೆರೆಸಿ ಬಳಸಿದ್ದೇನೆ.

ಅಂಗಡಿಯವರು ಶೇಡ್ ಪರೀಕ್ಷಿಸುವುದು ದವಡೆಯ ಅಂಚಿನಲ್ಲಿ. ನಮ್ಮಂಥವರಿಗೆ ಅದು ಸಾಲದು. ಏಕೆಂದರೆ ಎದುರಿಗಿದ್ದವರ ಕಣ್ಣಿಗೆ ಮುಖದ ಜೊತೆಗೆ ಬೀಳುವುದು ಗಲ್ಲದಡಿಯ ತಿಳಿಯಾದ ಚರ್ಮವಲ್ಲ, ಕೊರಳಿನ ಕೆಳಗಿನ ಕಪ್ಪಾದ ಭಾಗ. ಹಾಗಾಗಿ ನಾನು ದವಡೆಯಿಂದ ಎದೆಯ ಮೇಲ್ಭಾಗದವರೆಗೆ ಉದ್ದವಾಗಿ ಒಂದು ಗೀಟು ಎಳೆದು, ಕಿಟಕಿಯ ಬೆಳಕಿನಲ್ಲಿ ನೋಡಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಈ ಫೌಂಡೇಶನ್ ಒಣಗುತ್ತಾ ಅರ್ಧ ಶೇಡಿನಷ್ಟು ಗಾಢವಾಗುವುದರಿಂದ ಹಚ್ಚಿದ ಕೂಡಲೇ ಕಂಡ ಬಣ್ಣವನ್ನು ನಂಬುವಂತಿಲ್ಲ.

ಬೇಸಿಗೆಯಲ್ಲಿ ನನಗೆ ಒಪ್ಪಿದ ಅಳತೆಯೆಂದರೆ ತಿಳಿ ಶೇಡ್ ಎರಡು ಪಾಲಿಗೆ ಗಾಢ ಶೇಡ್ ಒಂದು ಪಾಲು. ಈ ಮಿಶ್ರಣ ಮುಖಕ್ಕೂ ಎದೆಗೂ ನಡುವಿನ ಬಣ್ಣ ಕೊಡುತ್ತದೆ. ಅದಕ್ಕಿಂತ ಗಾಢ ಮಾಡಿದರೆ ಕಿವಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಸ್ಪಂಜಿನಲ್ಲಿ ಉಳಿದದ್ದನ್ನು ಕಿವಿಗೂ ಗಲ್ಲದಡಿಗೂ ಒತ್ತಿದರೆ ಗೆರೆ ಮಾಯವಾಗುತ್ತದೆ. ಗಾಢ ಶೇಡ್ ಆರಿಸುವಾಗ ಅಂಡರ್‌ಟೋನ್ ಗಮನಿಸಬೇಕು. ನನ್ನದು ಹಳದಿ ಛಾಯೆಯ ಚರ್ಮ. ಕೆಂಪು ಛಾಯೆಯ ಗಾಢ ಶೇಡ್ ಬೆರೆಸಿದಾಗ ಮುಖ ಇಟ್ಟಿಗೆಯಂತೆ ಕಾಣುತ್ತದೆ.

ತೋಳಿನ ವಿಷಯದಲ್ಲಿ ಈ ಉತ್ಪನ್ನಕ್ಕೆ ನಾನು ಅಂಕ ಕೊಡಲಾರೆ. ಸೀರೆ ಉಟ್ಟಾಗ ರವಿಕೆಯ ತೋಳಿಗಿಂತ ಕೆಳಗೆ ಕುರ್ತಾ ತೋಳಿನ ಗೆರೆ ಕಾಣುತ್ತದೆ. ಅದರ ಮೇಲ್ಬದಿಯ ಬಿಳಿಚರ್ಮಕ್ಕೆ ಗಾಢ ಶೇಡನ್ನು ತೆಳುವಾಗಿ ಹಚ್ಚಿ ಗೆರೆಯ ಕಡೆಗೆ ಹರಡಿ, ಪೌಡರ್ ಒತ್ತಿದರೆ ಫೋಟೋಗೆ ಸಾಕಾಗುತ್ತದೆ, ನಿಜ. ಆದರೆ ಸೆಕೆಯಲ್ಲಿ ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಅದು ರೇಷ್ಮೆಯ ಸೆರಗಿಗೆ ಅಂಟುತ್ತದೆ. ಮುಖವನ್ನಂತೂ ಮುಂಗೈಯ ಬಣ್ಣಕ್ಕೆ ಹೊಂದಿಸಲು ಹೋಗಲೇಬಾರದು.

ಇನ್ನೊಂದು ಕೊರತೆ ಸೀಸೆಯ ಗಾತ್ರ. ಮಳೆಗಾಲದಲ್ಲಿ ಟ್ಯಾನ್ ಇಳಿದಂತೆ ಗಾಢ ಶೇಡ್ ಒಂದು ಹನಿಗೆ ಬಂದು ನಿಲ್ಲುತ್ತದೆ. ಸೀಸೆಯ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 12M ಎಂದಿದೆ, ಅಂದರೆ ತೆರೆದ ಹನ್ನೆರಡು ತಿಂಗಳೊಳಗೆ ಮುಗಿಸಬೇಕು. ತಿಳಿ ಶೇಡ್ ಅಷ್ಟರಲ್ಲಿ ಖಾಲಿಯಾಗುತ್ತದೆ, ಗಾಢ ಶೇಡ್ ಅರ್ಧ ಉಳಿಯುತ್ತದೆ. ಕಂಪನಿ ಇದನ್ನು ಚಿಕ್ಕ ಸೀಸೆಯಲ್ಲಿ ಕೊಡುವವರೆಗೆ ಐದರಲ್ಲಿ ಮೂರೂವರೆ ಅಂಕ.